ಕನ್ನಡ ಡೊಮೈನ್ ಕೆಲವರಿಗೆ ಮಾತ್ರ ತೆರೆಯುವುದು ಏಕೆ?

ಪ್ರಶ್ನೆ: ಕನ್ನಡದಾಗ .ಭಾರತ ಡೊಮೈನ್ ತಗೊಂಡೀನ್ರಿ. ಅಡ್ರೆಸ್ ಕಾಪಿ ಮಾಡಿದ್ರ xn-- ಅಂತ ಏನೇನೋ ಬರತೈತಿ. ಒಂದಿಷ್ಟು ಮಂದಿಗೆ ಸೈಟ್ ತೆರೀತೈತಿ, ಒಂದಿಷ್ಟು ಮಂದಿಗೆ ಇಲ್ಲ. ಏನಾಗೈತಿ?

ಆ xn-- ನೋಡಿ ಗಾಬರಿ ಆಗಬೇಡ್ರಿ, ಅದೇ ನಿಮ್ಮ ಡೊಮೈನಿನ ನಿಜವಾದ ರೂಪ. ಹೆಸರು ಹುಡುಕಿಕೊಡುವ ಡಿಎನ್ಎಸ್ ವ್ಯವಸ್ಥೆಯಲ್ಲಿ ಡೊಮೈನುಗಳು ಇಂಗ್ಲಿಷಿನ a-z, ಅಂಕಿ ಮತ್ತು ಹೈಫನ್‌ಗಳಲ್ಲೇ ಓಡಾಡುತ್ತವೆ. ಹಾಗಾಗಿ ಬ್ರೌಸರೇ ಕನ್ನಡವನ್ನು ಪ್ಯೂನಿಕೋಡ್‌ಗೆ ತಿರುಗಿಸಿ, ಮುಂದೆ xn-- ಅಂಟಿಸಿ ಕೇಳುತ್ತದೆ. `.ಭಾರತ` ಅನ್ನುವುದು ಡಿಎನ್ಎಸ್‌ನಲ್ಲಿ `xn--2scrj9c`.

ಕೆಲವರಿಗೆ ಮಾತ್ರ ತೆರೆಯುವುದು ಬೇರೆ ರೋಗ. ಬಾಗಲಕೋಟೆಯಲ್ಲಿ ವೆಬ್‌ಸೈಟ್ ಕೆಲಸ ಮಾಡಿಕೊಂಡಿರುವ ನಾನು ಒಮ್ಮೆ ಇದರಲ್ಲಿ ಎರಡು ದಿನ ಕಳೆದಿದ್ದೇನೆ. ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿ, ನಾವೆಲ್ಲ ಕಾಕಾ ಅನ್ನುತ್ತೇವೆ. ಅವರ ಡೊಮೈನ್ `ಇಳಕಲ್ಸೀರೆ.ಭಾರತ` ಅಂತಿಟ್ಟುಕೊಳ್ಳಿ (ನಿಜವಾದ ಹೆಸರು ಬೇರೆ). ನೋಂದಣಿಗೆ ಹೆಸರನ್ನು ಫೋನಿನಲ್ಲಿ ಹೊಡೆದಿದ್ದರು, ಲ ಕಾರದ ಕೆಳಗೆ ಸ ಒತ್ತಾಗಿ ಕೂತಿತ್ತು. ಬ್ಯಾನರ್ ಮಾಡಿದ ಹುಡುಗನಿಗೆ ಅದು ಚಂದ ಕಾಣಲಿಲ್ಲ. ಅವನು ಕಂಪ್ಯೂಟರಿನಲ್ಲಿ `ಇಳಕಲ್‌ಸೀರೆ` ಅಂತ ಒತ್ತು ಬಿಡಿಸಿ ಬರೆದ, ಅದನ್ನೇ ಕಾಪಿ ಮಾಡಿ ಕ್ಯೂಆರ್ ಕೋಡ್ ಮಾಡಿದ. ಮರುದಿನವೇ ಕಾಕಾ ಫೋನು: "ತಮ್ಮಾ, ನನ್ನ ಫೋನಿನ್ಯಾಗ ತೆರೀತೈತಿ, ಗಿರಾಕಿಗಳಿಗೆ ತೆರೀವಲ್ದು."

ಒತ್ತು ಬಿಡಿಸಲು ಲ್ ಮತ್ತು ಸೀ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಯುನಿಕೋಡ್ ಸಂಕೇತ U+200C. ಮೇಲೆ 'ಹೈಫನ್‌ಗಳಲ್ಲೇ' ಅಂತ ಬರೆದೆನಲ್ಲ, ಅದರೊಳಗೂ ಒಂದು ಕೂತಿದೆ. ಬರಹದಲ್ಲಿ ಇದರಿಂದ ತೊಂದರೆಯಿಲ್ಲ, ಡೊಮೈನಿನಲ್ಲಿ ಹೆಸರೇ ಬೇರೆಯಾಗಿಬಿಡುತ್ತದೆ. ಪೈಥಾನಿನಲ್ಲಿ ನೋಡಿ:

```
>>> 'ಇಳಕಲ್\u200cಸೀರೆ'.encode('idna')
b'xn--8rc2a7ehd6a8c7b5c'
>>> 'ಇಳಕಲ್\u200cಸೀರೆ'.encode('punycode')
b'8rc2a7ehd6a8c7b5cw291a'
```

ಮೊದಲನೆಯದು ಆ ಕಾಣದ ಅಕ್ಷರವನ್ನು ಬಿಟ್ಟಿದೆ, ಅದೇ ನೋಂದಾಯಿಸಿದ ಹೆಸರು. ಎರಡನೆಯದರ ಕೊನೆಯ `w291a` ಎಂಬ ಬಾಲವೇ ಆ ಅಕ್ಷರ. ನಡುವೆ ಇದ್ದದ್ದು ಕೊನೆಗೆ ಬಂದದ್ದು ಹೇಗೆ? ಪ್ಯೂನಿಕೋಡ್ ಅಕ್ಷರಗಳನ್ನು ಹೆಸರಿನಲ್ಲಿರುವ ಕ್ರಮದಲ್ಲಿ ಬರೆಯುವುದಿಲ್ಲ, ಯುನಿಕೋಡ್ ಸಂಖ್ಯೆಯ ಏರಿಕೆಯ ಕ್ರಮದಲ್ಲಿ ಬರೆಯುತ್ತದೆ. ಇಲ್ಲಿ ಎಲ್ಲಕ್ಕಿಂತ ಚಿಕ್ಕದು ಇ, ಅದರ ಸಂಖ್ಯೆ 3207. ಎಣಿಕೆ ಶುರುವಾಗುವುದು 128ರಿಂದ, ಆ ದೂರ 3079, ಅದು `8rc` ಆಯಿತು. ಅಲ್ಲಿಂದಾಚೆ ಹಿಂದಿನ ಅಕ್ಷರದಿಂದ ಎಷ್ಟು ಮುಂದೆ, ಹೆಸರಿನಲ್ಲಿ ಯಾವ ಜಾಗ, ಎರಡನ್ನೂ ಸೇರಿಸಿದ ಒಂದೊಂದು ಸಂಖ್ಯೆ ಸಾಕು. ಕನ್ನಡ ಅಕ್ಷರಗಳೆಲ್ಲ ಒಂದೇ ಓಣಿಯಲ್ಲಿರುವುದರಿಂದ ಇಲ್ಲಿ ಪ್ರತಿಯೊಂದಕ್ಕೂ ಒಂದೋ ಎರಡೋ ಅಕ್ಷರ ಮುಗಿಯಿತು. U+200C ಮಾತ್ರ 8204ರಲ್ಲಿ, ದೂರದ ಊರಿನಲ್ಲಿದೆ. ಅದಕ್ಕೇ ಐದು ಅಕ್ಷರದ ಬಾಲ, ಅದಕ್ಕೇ ಸಾಲಿನ ಕೊನೆಗೆ.

ಇನ್ನು ಕಾಕಾನ ಹಳೇ ಫೋನಿನಲ್ಲಿ ತೆರೆದದ್ದು ಏಕೆ? ಇಂಥ ಡೊಮೈನುಗಳನ್ನು xn-- ರೂಪಕ್ಕೆ ತಿರುಗಿಸುವ 2003ರ ನಿಯಮ ಈ ಕಾಣದ ಅಕ್ಷರವನ್ನು ಸದ್ದಿಲ್ಲದೆ ಕಿತ್ತುಹಾಕಿ ನಂತರ ತಿರುಗಿಸುತ್ತಿತ್ತು. ಆಮೇಲೆ ಬಂದ ಹೊಸ ನಿಯಮ IDNA2008, ಅರ್ಧಾಕ್ಷರದ ಚಿಹ್ನೆಯ ಬೆನ್ನಿಗಿದ್ದರೆ ಅದನ್ನು ಹಾಗೇ ಉಳಿಸುತ್ತದೆ. ಕ್ರೋಮ್ ಈ ಹೊಸ ಪದ್ಧತಿಗೆ ಹೊರಳಿದ್ದು 2023ರಲ್ಲಿ. ಹಳೇ ಬ್ರೌಸರ್ ಬಾಲ ಕತ್ತರಿಸಿ ಸರಿಯಾದ ಸೈಟಿಗೆ ಹೋಗುತ್ತಿತ್ತು, ಹೊಸದು ಬಾಲದ ಸಮೇತ ಕೇಳಿ, ಅಂಥ ಹೆಸರೇ ಇಲ್ಲವೆಂದು `DNS_PROBE_FINISHED_NXDOMAIN` ತೋರಿಸುತ್ತಿತ್ತು. ನನ್ನನ್ನು ಎರಡು ದಿನ ಕಾಡಿಸಿದ್ದು ಪೈಥಾನಿನ ಆ `idna` ಎನ್ಕೋಡರು. ಅದು ಇವತ್ತಿಗೂ 2003ರ ನಿಯಮದ್ದು, ಅದರಲ್ಲಿ ಪರೀಕ್ಷಿಸಿ "ಹೆಸರು ಸರಿ ಐತಲ್ಲ" ಅಂತ ಹೋಸ್ಟಿಂಗ್ ತಡಕುತ್ತಾ ಕೂತಿದ್ದೆ.

ನಿಮ್ಮಲ್ಲೂ ಇದೇನಾ ಅಂತ ನೋಡಲು, ತೆರೆಯದವರ ಬ್ರೌಸರಿನಿಂದ ಆ xn-- ಸಾಲನ್ನು ತರಿಸಿ, ನೀವು ನೋಂದಾಯಿಸಿದ ಸಾಲಿನ ಪಕ್ಕ ಇಡಿ. ಮೊದಲ ಭಾಗ ಒಂದೇ ಇದ್ದು ಒಂದಕ್ಕೆ ಮಾತ್ರ ಬಾಲವಿದ್ದರೆ ಇದೇ ರೋಗ. ಎರಡೂ ಪೂರ್ತಿ ಒಂದೇ ಇದ್ದರೆ ಹೋಸ್ಟಿಂಗ್ ಕಡೆ ನೋಡಿ. ಉದಾಹರಣೆಗೆ ಸರ್ವರ್ ತಂತ್ರಾಂಶವಾದ ಎನ್‌ಜಿನ್ಎಕ್ಸ್‌ನ `server_name`ನಲ್ಲಿ ಕನ್ನಡ ಬರೆದರೆ ನಡೆಯುವುದಿಲ್ಲ, xn-- ರೂಪವನ್ನೇ ಕೊಡಬೇಕು.

ನಾವು ಕೊನೆಗೆ ಮಾಡಿದ್ದು ಇಷ್ಟು: ಕ್ಯೂಆರ್ ಕೋಡನ್ನು xn-- ರೂಪದಿಂದಲೇ ಹೊಸದಾಗಿ ಮಾಡಿದೆವು, ಬ್ಯಾನರಿಗಾಗಿ `ಇಳಕಲ್-ಸೀರೆ` ಎಂಬ ಹೈಫನ್ ಹೆಸರನ್ನೂ ತಗೊಂಡೆವು. ಹೈಫನ್ ಇದ್ದರೆ ಒತ್ತು ತಾನೇ ಬಿಡುತ್ತದೆ, ಎಲ್ಲ ಕೀಬೋರ್ಡಿನಲ್ಲೂ ಸಿಗುತ್ತದೆ. ಅದರ ರೂಪ `xn----79e6b8fie2b2dvc9c`. ನಾಲ್ಕು ಹೈಫನ್ ಕಂಡು ಕಾಕಾ ಮತ್ತೆ ಫೋನ್ ಮಾಡಿದ್ದರು. ಎರಡು xn--ನದು, ಮೂರನೆಯದು ನಮ್ಮ ಹೈಫನ್, ನಾಲ್ಕನೆಯದು ಅಲ್ಲಿಂದಾಚೆ ಕನ್ನಡ ಶುರು ಎಂಬ ಗುರುತು.