ಸೊಸೈಟಿ ರಿಪೇರಿ ಟೆಂಡರಿನಲ್ಲಿ ಅರ್ಹತೆ ಮತ್ತು ರೇಟಿನ ಷರತ್ತು ಬರೆಯುವುದು ಹೇಗೆ?

"ಡೊಂಬಿವಲಿಯಲ್ಲಿ ನಮ್ಮ ಸೊಸೈಟಿ ಕಟ್ಟಡದ ರಿಪೇರಿಗೆ ಟೆಂಡರ್ ಕರೆಯಬೇಕು. ಪ್ಲಾಸ್ಟರ್, ಟೆರೇಸ್ ವಾಟರ್‌ಪ್ರೂಫಿಂಗ್, ಪೇಂಟ್ ಸೇರಿ ಎಸ್ಟಿಮೇಟ್ 50 ಲಕ್ಷ. ಹೋದ ಸಲ 'ಅನುಭವವುಳ್ಳ ಕಂಟ್ರಾಕ್ಟರುಗಳು' ಅಂತ ಮಾತ್ರ ಬರೆದಿದ್ದೆವು. ಯಾರು ಅರ್ಹರು, ಯಾರ ರೇಟು ಕಡಿಮೆ ಅಂತ ಕಮಿಟಿಯಲ್ಲೇ ಜಗಳ ಆಯ್ತು. ಈ ಸಲ ಹೇಗೆ ಬರೆಯೋದು?"

'ಅನುಭವವುಳ್ಳ', 'ಪ್ರತಿಷ್ಠಿತ', 'ಉತ್ತಮ ಗುಣಮಟ್ಟದ' ಇಂಥ ಪದಗಳನ್ನೆಲ್ಲ ಮೊದಲು ಹೊಡೆದುಹಾಕಿ. ಪ್ರತಿ ಷರತ್ತಿನಲ್ಲೂ ಮೂರು ವಿಷಯ ಇರಲೇಬೇಕು: ಎಷ್ಟು, ಯಾವ ತಾರೀಖಿನೊಳಗೆ, ಯಾವ ಕಾಗದ ತೋರಿಸಿದರೆ ಒಪ್ಪುತ್ತೀರಿ. ಇವುಗಳಲ್ಲಿ ಒಂದು ಬಿಟ್ಟುಹೋದರೂ ಆ ಜಾಗದಲ್ಲಿ ಬಿಡ್ ನೋಡುವವರ ಅಭಿಪ್ರಾಯ ಬಂದು ಕೂರುತ್ತದೆ.

ಷರತ್ತಿನ ಪದ ಎಷ್ಟು ದೂರ ಎಳೆದೊಯ್ಯಬಹುದು ಅನ್ನುವುದಕ್ಕೆ ಮುಂಬಯಿಯದೇ ಉದಾಹರಣೆ ಇದೆ. 1977ರಲ್ಲಿ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆ ರೆಸ್ಟೋರೆಂಟ್ ಮತ್ತು ಎರಡು ಸ್ನ್ಯಾಕ್ ಬಾರ್ ನಡೆಸಲು ಟೆಂಡರ್ ಕರೆದರು. ಕನಿಷ್ಠ 5 ವರ್ಷ ಅನುಭವವಿರುವ 'ನೋಂದಾಯಿತ ಎರಡನೇ ದರ್ಜೆ ಹೋಟೆಲಿಗರು' ಬಿಡ್ ಹಾಕಬೇಕು ಅಂತ ಷರತ್ತು. ಆದರೆ ಮಹಾನಗರ ಪಾಲಿಕೆ ದರ್ಜೆ ಕೊಡುತ್ತಿದ್ದದ್ದು ಹೋಟೆಲಿಗೆ, ಹೋಟೆಲಿಗನಿಗಲ್ಲ. ಕೆಲಸ ಸಿಕ್ಕಿದ್ದು ಕಾರ್ಖಾನೆ ಕ್ಯಾಂಟೀನುಗಳನ್ನು ನಡೆಸಿದ್ದವರಿಗೆ. ಕ್ಯಾಂಟೀನ್ ಅನುಭವವನ್ನು ಹೋಟೆಲ್ ಅನುಭವ ಅಂತ ಎಣಿಸಬಹುದೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ರಮಣ ದಯಾರಾಮ್ ಶೆಟ್ಟಿ ಪ್ರಕರಣದ 1979ರ ತೀರ್ಪು ಹೇಳಿದ್ದು, ತಾನೇ ಹಾಕಿದ ಅರ್ಹತೆಯ ಷರತ್ತನ್ನು ವಿಮಾನ ನಿಲ್ದಾಣ ಪ್ರಾಧಿಕಾರ ತಾನೇ ಮೀರುವ ಹಾಗಿಲ್ಲ ಅಂತ. ಹಾಗಿದ್ದರೂ ಬೇರೆ ಕಾರಣಗಳಿಂದ ಆ ಗುತ್ತಿಗೆಯನ್ನು ರದ್ದು ಮಾಡಲಿಲ್ಲ. ಅದು ಸರ್ಕಾರಿ ಸಂಸ್ಥೆಗೆ ಹಾಕಿದ ಕಟ್ಟು. ನಿಮ್ಮ ಸೊಸೈಟಿಗೆ ಅದೇ ರೀತಿ ಅನ್ವಯಿಸುವುದಿಲ್ಲ. ಆದರೆ ಜನರಲ್ ಬಾಡಿಯಲ್ಲಿ ಸದಸ್ಯರು ಕೇಳುವ ಪ್ರಶ್ನೆ ಮಾತ್ರ ಅದೇ ಆಗಿರುತ್ತದೆ.

ಅರ್ಹತೆಗೆ ಹೊಸ ಸೂತ್ರ ಹುಡುಕಬೇಡಿ. ಕೇಂದ್ರ ವಿಚಕ್ಷಣಾ ಆಯೋಗ 2002ರಲ್ಲಿ ಹೇಳಿದ ಅಳತೆ ಸರ್ಕಾರಿ ಕಾಮಗಾರಿಗಳಲ್ಲಿ ಚೆನ್ನಾಗಿ ಪಳಗಿದೆ: ಹಿಂದಿನ 7 ವರ್ಷಗಳಲ್ಲಿ ಎಸ್ಟಿಮೇಟಿನ ಶೇ 40ರಷ್ಟು ಮೌಲ್ಯದ, ಇದೇ ತರಹದ ಮೂರು ಕೆಲಸ, ಅಥವಾ ಶೇ 50ರ ಎರಡು, ಅಥವಾ ಶೇ 80ರ ಒಂದು. ಜೊತೆಗೆ ಹಿಂದಿನ 3 ವರ್ಷಗಳ ಸರಾಸರಿ ವಹಿವಾಟು ಎಸ್ಟಿಮೇಟಿನ ಶೇ 30. ನಿಮ್ಮ 50 ಲಕ್ಷಕ್ಕೆ ಇದು 20 ಲಕ್ಷದ ಮೂರು, 25 ಲಕ್ಷದ ಎರಡು ಅಥವಾ 40 ಲಕ್ಷದ ಒಂದು ಕೆಲಸ; ವಹಿವಾಟು 15 ಲಕ್ಷ. ಟೆಂಡರಿನಲ್ಲಿ ಶೇಕಡಾವಾರು ಬರೆಯದೆ ಈ ರೂಪಾಯಿಗಳನ್ನೇ ಬರೆಯಿರಿ.

ಇಷ್ಟು ಬರೆದರೂ ತಕರಾರಿಗೆ ದಾರಿ ಉಳಿದಿರುತ್ತದೆ. ಒಬ್ಬ ಕಂಟ್ರಾಕ್ಟರ್ 42 ಲಕ್ಷದ ಒಂದು ಕೆಲಸದ ಸರ್ಟಿಫಿಕೇಟ್ ತಂದ ಅಂದುಕೊಳ್ಳಿ. 40 ದಾಟಿದೆ, ಅರ್ಹ ಅಂತ ಖಜಾಂಚಿ ಹೇಳುತ್ತಾರೆ. ಆದರೆ ಆ ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಸೇರಿದ್ದರೆ ಕೆಲಸದ ಮೌಲ್ಯ ಸುಮಾರು 35.6 ಲಕ್ಷ ಮಾತ್ರ. ಅದರ ಮೇಲೆ ಆ ಕೆಲಸ ಇನ್ನೂ ಶೇ 90 ಆಗಿದೆ, ಅಥವಾ ಅದು ಹೊಸ ಕಟ್ಟಡ, ರಿಪೇರಿ ಅಲ್ಲ. ಅವನನ್ನು ಒಳಗೆ ಬಿಟ್ಟರೂ ಮಾತು, ಹೊರಗಿಟ್ಟರೂ ಮಾತು. ಹಾಗಾಗಿ ಷರತ್ತು ಹೀಗಿರಲಿ:

"ಇದೇ ತರಹದ ಕೆಲಸ ಎಂದರೆ ಜನ ವಾಸವಿರುವ, ಕನಿಷ್ಠ 4 ಮಹಡಿಯ ಕಟ್ಟಡದ ಹೊರಗಿನ ಪ್ಲಾಸ್ಟರ್ ಮತ್ತು ವಾಟರ್‌ಪ್ರೂಫಿಂಗ್ ರಿಪೇರಿ, ಎರಡೂ ಒಂದೇ ವರ್ಕ್ ಆರ್ಡರಿನಲ್ಲಿ. ಕೆಲಸ 1-8-2018ರಿಂದ 31-7-2025ರೊಳಗೆ ಪೂರ್ತಿ ಮುಗಿದಿರಬೇಕು. ಅದಕ್ಕೂ ಮೊದಲು ಶುರುವಾಗಿದ್ದರೆ ಅಡ್ಡಿಯಿಲ್ಲ. ಮೌಲ್ಯವನ್ನು ಜಿಎಸ್‌ಟಿ ಬಿಟ್ಟು, ಅಂತಿಮ ಬಿಲ್ಲಿನ ಪ್ರಕಾರ ಲೆಕ್ಕ ಹಾಕಲಾಗುವುದು. ವರ್ಕ್ ಆರ್ಡರ್, ಕೆಲಸ ಮುಗಿದ ಸರ್ಟಿಫಿಕೇಟ್ ಮತ್ತು ಅಂತಿಮ ಬಿಲ್ಲಿನ ಪ್ರತಿ ಮೂರೂ ಬೇಕು. ಸರ್ಕಾರಿಯಲ್ಲದ ಕೆಲಸಕ್ಕೆ ಟಿಡಿಎಸ್ ಸರ್ಟಿಫಿಕೇಟೂ ಬೇಕು."

ಇದು ಆಗಸ್ಟ್ 2025ರಲ್ಲಿ ಹೊರಡುವ ಟೆಂಡರಿನ ಲೆಕ್ಕ. ನೋಟೀಸ್ ಹೊರಡುವ ಹಿಂದಿನ ತಿಂಗಳ ಕೊನೆಯ ದಿನದಿಂದ 7 ವರ್ಷ ಹಿಂದಕ್ಕೆ ಎಣಿಸಿ, ತಾರೀಖನ್ನೇ ಹಾಕಿಬಿಡಿ. 'ಕಳೆದ 7 ವರ್ಷ' ಅಂತ ಬಿಟ್ಟರೆ ನೋಟೀಸಿನಿಂದಲೋ ಬಿಡ್ ತೆರೆದ ದಿನದಿಂದಲೋ ಅನ್ನುವ ವಾದ ಶುರುವಾಗುತ್ತದೆ. ಟಿಡಿಎಸ್ ಕಾಗದ ಕೇಳುವುದು ಸುಮ್ಮನೆ ಅಲ್ಲ. ಪರಿಚಯದವರ ಲೆಟರ್‌ಹೆಡ್‌ನಲ್ಲಿ ಅನುಭವದ ಸರ್ಟಿಫಿಕೇಟ್ ಬರೆಸಿಕೊಳ್ಳುವುದು ಸುಲಭ, ತೆರಿಗೆ ಕಡಿತದ ದಾಖಲೆ ಹುಟ್ಟಿಸುವುದು ಕಷ್ಟ. ಒಂದು ಎಚ್ಚರ: ವ್ಯಾಖ್ಯೆಯನ್ನು ತೀರ ಬಿಗಿ ಮಾಡಿದರೆ ಒಬ್ಬನೇ ಉಳಿಯುತ್ತಾನೆ, ಆಗ ಅವನಿಗಾಗಿಯೇ ಬರೆದಿದ್ದು ಅನ್ನುತ್ತಾರೆ. '4 ಮಹಡಿ' ಬೇಕೇ ಬೇಡವೇ ಅಂತ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಿ. ಕಾರಣ ಹೇಳಲಾಗದಿದ್ದರೆ ತೆಗೆಯಿರಿ.

ರೇಟಿನ ಕಡೆ ಜಗಳ ಹುಟ್ಟುವುದು ಸಾಮಾನ್ಯವಾಗಿ ಕೂಡಿಸುವುದರಲ್ಲಿ. ಟೆರೇಸ್ 80 ಅಡಿ × 50 ಅಡಿ, ಅಂದರೆ 4,000 ಚದರಡಿ ಎಂದಿಟ್ಟುಕೊಳ್ಳಿ. ಮೊದಲನೆಯವನು ಚದರಡಿಗೆ ₹140 ಬರೆದು, ಮೊತ್ತದ ಕಾಲಮಿನಲ್ಲಿ ಕೈತಪ್ಪಿ ₹5,06,000 ಹಾಕಿದ. ಸರಿಯಾದದ್ದು ₹5,60,000. ಎರಡನೆಯವನದು ₹135, ಮೊತ್ತ ₹5,40,000. ಮೊತ್ತ ನೋಡಿದರೆ ಮೊದಲನೆಯವನು ಕಡಿಮೆ, ರೇಟು ನೋಡಿದರೆ ಎರಡನೆಯವನು. ಲಕೋಟೆ ತೆರೆದ ಮೇಲೆ ನೀವು ಏನು ನಿರ್ಧರಿಸಿದರೂ ಪಕ್ಷಪಾತ ಅನ್ನಿಸುತ್ತದೆ, ಮೊದಲೇ ಬರೆದಿದ್ದರೆ ಅದು ಬರೀ ಲೆಕ್ಕ: "ರೇಟಿಗೂ ಮೊತ್ತಕ್ಕೂ ಹೊಂದದಿದ್ದರೆ ರೇಟೇ ಅಂತಿಮ. ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರವೇ ಅಂತಿಮ. ರೇಟು ಬರೆಯದ ಐಟಂ ಬೇರೆ ಐಟಂಗಳಲ್ಲಿ ಸೇರಿದೆ ಎಂದು ತಿಳಿದು, ಅದಕ್ಕೆ ಬೇರೆ ಹಣ ಕೊಡಲಾಗದು. ಕವರಿಂಗ್ ಲೆಟರಿನಲ್ಲಿ ಬರೆದ ಡಿಸ್ಕೌಂಟ್ ಪರಿಗಣಿಸಲಾಗದು." ಜಿಎಸ್‌ಟಿಗೆ ಬೇರೆ ಕಾಲಂ ಕೊಡಿ. ಹೋಲಿಕೆ ನಡೆಯುವುದು ಜಿಎಸ್‌ಟಿ ಸೇರಿ ಸೊಸೈಟಿ ಕೈಯಿಂದ ಹೋಗುವ ಒಟ್ಟು ಹಣದ ಮೇಲೆ ಅಂತಲೂ ಹೇಳಿ.

ಕೆಲಸ ಶುರುವಾದ ಮೇಲಿನ ತಕರಾರು ಅಳತೆಯಿಂದ ಬರುತ್ತದೆ. ವಾಟರ್‌ಪ್ರೂಫಿಂಗನ್ನು ಪ್ಯಾರಪೆಟ್ ಗೋಡೆಯ ಮೇಲೆ ಒಂದು ಅಡಿ ಹತ್ತಿಸುತ್ತಾರಲ್ಲ, ಅದನ್ನು ಅಳೆದು ಹಣ ಕೊಡಬೇಕೇ? ಅದೇ ಟೆರೇಸಿನ ಸುತ್ತಳತೆ 260 ಅಡಿ, ಅಂದರೆ 260 ಚದರಡಿ, ₹135ರಂತೆ ₹35,100. "ನೆಲದ ಅಳತೆ ಮಾತ್ರ ಲೆಕ್ಕಕ್ಕೆ, ಗೋಡೆ ಮೇಲಿನ ಒಂದು ಅಡಿ ರೇಟಿನಲ್ಲೇ ಸೇರಿದೆ" ಅಂತ ಐಟಂ ವಿವರಣೆಯಲ್ಲೇ ಬರೆದರೆ ಆಯಿತು. ಬೇಕಾದರೆ ಹಣ ಕೊಡುತ್ತೇವೆ ಅಂತಲೂ ಬರೆಯಬಹುದು, ಆದರೆ ಎರಡರಲ್ಲಿ ಒಂದು ಇರಲೇಬೇಕು.

ಕಾಗದ ಕಡಿಮೆ ಬಿದ್ದರೆ ಏನು ಅನ್ನುವುದನ್ನೂ ಸೇರಿಸಿ. ಬಿಡ್ ಹಾಕುವ ದಿನಕ್ಕೆ ಮೊದಲೇ ಇದ್ದ ದಾಖಲೆಯ ಪ್ರತಿಯನ್ನು 3 ದಿನದಲ್ಲಿ ತರಿಸಿಕೊಳ್ಳಬಹುದು. ಆಮೇಲೆ ಹುಟ್ಟಿದ ದಾಖಲೆ ಬೇಡ, ರೇಟಿನಲ್ಲಿ ಬದಲಾವಣೆಯೂ ಬೇಡ. ಯಾರಾದರೂ ಫೋನಿನಲ್ಲಿ ಸಂದೇಹ ಕೇಳಿದರೆ ಉತ್ತರ ಕೊಡಬೇಡಿ. ಬರೆದು ಕೇಳಲಿ, ಉತ್ತರ ಟೆಂಡರ್ ಫಾರ್ಮ್ ಪಡೆದ ಎಲ್ಲರಿಗೂ ಹೋಗಲಿ, ಅದು ಟೆಂಡರಿನ ಭಾಗ ಅಂತ ಬರೆದಿರಲಿ.

ಹೊರಡಿಸುವ ಮೊದಲು ಮೂರು ಸುಳ್ಳು ಬಿಡ್ ತಯಾರಿಸಿ: ಒಂದರಲ್ಲಿ ಆ 42 ಲಕ್ಷದ ಸರ್ಟಿಫಿಕೇಟ್, ಒಂದರಲ್ಲಿ ಮೊತ್ತದ ತಪ್ಪು, ಒಂದರಲ್ಲಿ ಖಾಲಿ ಬಿಟ್ಟ ಐಟಂ. ಡ್ರಾಫ್ಟ್ ಬರೆಯದ ಇಬ್ಬರು ಸದಸ್ಯರಿಗೆ ಬೇರೆಬೇರೆಯಾಗಿ ಕೊಟ್ಟು, ಯಾರು ಅರ್ಹ, ಯಾರು ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನವರು, ಅಂತ ಬರೆಸಿ. ಇಬ್ಬರ ಉತ್ತರ ಬೇರೆಯಾದ ಕಡೆ ಷರತ್ತನ್ನು ಮತ್ತೆ ಬರೆಯಬೇಕು.