ಹೊಸ ವಾಟರ್ ಪ್ಯೂರಿಫೈಯರ್‌ಗೆ ಮಾರುಕಟ್ಟೆ ಎಷ್ಟು ದೊಡ್ಡದು?

ಪ್ರಶ್ನೆ: ಮನೆಬಳಕೆಯ ಹೊಸ ವಾಟರ್ ಪ್ಯೂರಿಫೈಯರ್ ತರುತ್ತಿದ್ದೇವೆ. ಒಟ್ಟು ಮನೆಗಳಿಂದ ಕೆಳಗಿಳಿಯುವ ಟಾಪ್-ಡೌನ್ ಲೆಕ್ಕಕ್ಕೂ ಒಂದೊಂದು ಅಂಗಡಿಯ ಮಾರಾಟ ಕೂಡಿಸುವ ಬಾಟಮ್-ಅಪ್ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ. ಯಾವುದನ್ನು ನಂಬಲಿ?

ಉತ್ತರ: ಮೊದಲು ಟಾಪ್-ಡೌನ್ ಲೆಕ್ಕವನ್ನೇ ಅನುಮಾನಿಸಿ. ಒಟ್ಟು ಮನೆಗಳನ್ನೇ ವರ್ಷದ ಮಾರಾಟ ಅಂದುಕೊಳ್ಳುವುದು ಸಾಮಾನ್ಯ ಎಡವಟ್ಟು.

ಉದಾಹರಣೆಗೆ, ಊರಲ್ಲಿ 10 ಲಕ್ಷ ಮನೆಗಳಿವೆ, ನಲ್ಲಿ ನೀರೂ ಕೊಳ್ಳುವ ಶಕ್ತಿಯೂ ಇರುವುದು 4 ಲಕ್ಷಕ್ಕೆ ಅನ್ನೋಣ. ಅದರಲ್ಲಿ 1 ಲಕ್ಷ ಮನೆಗಳಲ್ಲಿ ಪ್ಯೂರಿಫೈಯರ್ ಈಗಾಗಲೇ ಇದೆ. ಅದು 8 ವರ್ಷ ಬಾಳಿದರೆ ವರ್ಷಕ್ಕೆ 12,500 ಬದಲಿ ಖರೀದಿ. ಉಳಿದ 3 ಲಕ್ಷದಲ್ಲಿ ಶೇ. 3ರಷ್ಟು ಮನೆಯವರು ಹೊಸದಾಗಿ ಕೊಂಡರೆ 9,000. ಒಟ್ಟು 21,500. ಈ ಶೇ. 3 ಬರೀ ಊಹೆ. ಲೆಕ್ಕ ಕುಸಿಯುವುದೂ ಇಲ್ಲೇ.

ಬಾಟಮ್-ಅಪ್‌ಗೆ ಅಂಗಡಿಗಳಿಗೇ ಹೋಗಿ. 80 ಅಂಗಡಿ, ತಿಂಗಳಿಗೆ ಸರಾಸರಿ 12 ಮಾರಾಟ ಅಂದರೆ ವರ್ಷಕ್ಕೆ 11,520. ಬಾಯಿಮಾತು ನಂಬಬೇಡಿ, ಮಾಲೀಕರು ಭರಾಟೆಯ ತಿಂಗಳನ್ನೇ ಹೇಳುತ್ತಾರೆ. ಇಡೀ ವರ್ಷದ ಬಿಲ್ ಕೇಳಿ.

21,500ರಲ್ಲಿ ಉಳಿದ ಸುಮಾರು 10,000 ಆನ್‌ಲೈನ್‌ನಲ್ಲೋ ಮನೆಮನೆ ಮಾರಾಟದಲ್ಲೋ ಸಿಗಬೇಕು. ಸಿಗದಿದ್ದರೆ ಬದಲಿ ಫಿಲ್ಟರ್‌ಗಳ ಮಾರಾಟ ನೋಡಿ: ವರ್ಷಕ್ಕೊಮ್ಮೆ ಬದಲಿಸುವ ಫಿಲ್ಟರ್ 60,000 ಮಾತ್ರ ಹೋಗುತ್ತಿದ್ದರೆ, ಬಳಕೆಯಲ್ಲಿರುವ ಯಂತ್ರಗಳು 1 ಲಕ್ಷ ಇರುವುದು ಅನುಮಾನ. ಆದರೆ ಕೆಲವರು ಫಿಲ್ಟರ್ ಬದಲಿಸುವುದೇ ಇಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.