ಯೀಲ್ಡ್ 13 ಆಯಿತೆಂದರೆ ಬಾಡಿಗೆ ಹೆಚ್ಚಿತು ಎಂದಲ್ಲ

ಓದುಗರ ಪತ್ರ: ಮನೆ ಕೊಂಡು ಬಾಡಿಗೆಗೆ ಕೊಡುವಷ್ಟು ಹಣ ನನ್ನಲ್ಲಿಲ್ಲ. ಹಾಗಾಗಿ ಹೋದ ವರ್ಷ ಷೇರು ಮಾರುಕಟ್ಟೆಯಲ್ಲಿ ಒಂದು ರೀಟ್‌ನ, ಅಂದರೆ ಹೂಡಿಕೆದಾರರ ಹಣದಲ್ಲಿ ಕಟ್ಟಡಗಳನ್ನು ಕೊಂಡು ಬಾಡಿಗೆಯನ್ನು ಹಂಚುವ ಟ್ರಸ್ಟ್‌ನ, ಯೂನಿಟ್‌ಗಳನ್ನು ಕೊಂಡೆ. ಆಗ ಯೀಲ್ಡ್, ಅಂದರೆ ಯೂನಿಟ್‌ನ ಬೆಲೆಗೆ ಹೋಲಿಸಿದರೆ ವರ್ಷಕ್ಕೆ ಸಿಗುವ ಹಣ, ಶೇಕಡಾ 7.5 ಇತ್ತು. ಹಣ ಸರಿಯಾಗಿ ಬರುತ್ತಿದೆ, ಒಂದು ಪೈಸೆಯೂ ಕಡಿಮೆಯಾಗಿಲ್ಲ. ಆದರೆ ಯೂನಿಟ್‌ನ ಬೆಲೆ ತುಂಬಾ ಬಿದ್ದಿದೆ. ಈಗ ಆ್ಯಪ್‌ನಲ್ಲಿ ಯೀಲ್ಡ್ 13 ಅಂತ ತೋರಿಸುತ್ತಿದೆ. ಇನ್ನಷ್ಟು ಕೊಳ್ಳಲೇ? ನಮ್ಮಣ್ಣ ಮಾತ್ರ, ‘ಅದರಲ್ಲಿ ಒಂದು ಪಾಲು ಬಾಡಿಗೆಯೇ ಅಲ್ಲ, ನಿನ್ನ ದುಡ್ಡನ್ನೇ ನಿನಗೆ ವಾಪಸ್ ಕೊಡ್ತಿದ್ದಾರೆ’ ಅನ್ನುತ್ತಾನೆ. ನಿಜವೇ?

ಸಂಪಾದಕರ ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಮಾರಿಬಿಡಿ ಎಂದೂ ನಾನು ಹೇಳುತ್ತಿಲ್ಲ. ಮೊದಲು ಆ 13 ಎಲ್ಲಿಂದ ಬಂತು ಎಂದು ನೋಡೋಣ. ನಿಮ್ಮ ಅಣ್ಣನ ಮಾತಿಗೆ ಆಮೇಲೆ ಬರುತ್ತೇನೆ. ಅದು ಅರ್ಧ ಸರಿ, ಅರ್ಧ ತಪ್ಪು.

ಆ್ಯಪ್ ಮಾಡುವುದು ತುಂಬಾ ಸರಳವಾದ ಲೆಕ್ಕ. ಕಳೆದ 12 ತಿಂಗಳಲ್ಲಿ ಒಂದು ಯೂನಿಟ್‌ಗೆ ಹಂಚಿದ ಹಣವನ್ನು ಇವತ್ತಿನ ಬೆಲೆಯಿಂದ ಭಾಗಿಸುತ್ತದೆ, ಅಷ್ಟೇ. ಮೇಲಿರುವುದು ಹಳೆಯ ಸಂಖ್ಯೆ, ಕೆಳಗಿರುವುದು ಹೊಸದು. ಮಾರುಕಟ್ಟೆ ಮಾತ್ರ ಮುಂದಿನ ವರ್ಷದ ಬಾಡಿಗೆಯನ್ನು ನೋಡಿ ಬೆಲೆ ಕಟ್ಟುತ್ತದೆ. ದೊಡ್ಡ ಬಾಡಿಗೆದಾರನೊಬ್ಬ ‘ಆರು ತಿಂಗಳಲ್ಲಿ ಖಾಲಿ ಮಾಡುತ್ತೇನೆ’ ಎಂದು ನೋಟಿಸ್ ಕೊಟ್ಟರೆ ಬೆಲೆ ಅವತ್ತೇ ಬೀಳುತ್ತದೆ. ಆದರೆ ಅವನು ಇರುವ ತನಕ ಬಾಡಿಗೆ ಕಟ್ಟುತ್ತಲೇ ಇರುತ್ತಾನೆ, ನಿಮಗೂ ಹಣ ಬರುತ್ತಲೇ ಇರುತ್ತದೆ. ಆ ಆರು ತಿಂಗಳು ಯೀಲ್ಡ್ ತುಂಬಾ ಚೆನ್ನಾಗಿ ಕಾಣುತ್ತದೆ. ನಾನೂ ಒಮ್ಮೆ ಇಂಥ ಹೊತ್ತಿನಲ್ಲೇ ಕೊಂಡು ನಷ್ಟ ಮಾಡಿಕೊಂಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳನ್ನು ಸುಲಭವಾಗಲಿ ಎಂದು ನಾನೇ ಹಾಕಿಕೊಂಡಿದ್ದೇನೆ. ಒಂದು ರೀಟ್‌ಗೆ ವರ್ಷಕ್ಕೆ 100 ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಲಿಫ್ಟ್, ಕಾವಲು, ಶುಚಿ, ವಿಮೆ, ಆಸ್ತಿ ತೆರಿಗೆ ಎಲ್ಲ ಸೇರಿ 20 ಖರ್ಚು. ಉಳಿದದ್ದು 80. ಕಟ್ಟಡಗಳ ನಿಜವಾದ ಗಳಿಕೆ ಇದು. ನಡೆಸುವವರ ಶುಲ್ಕ 5 ಕಳೆದರೆ 75. ರೀಟ್ ತಲೆಯ ಮೇಲೆ 400 ಸಾಲ ಇದೆ, ಬಡ್ಡಿ ಶೇಕಡಾ 6. ಅದಕ್ಕೆ 24 ಹೋಯಿತು, ಉಳಿದದ್ದು 51. ಹಳೆಯ ಎಸಿ ಬದಲಿಸುವುದು, ಹೊಸ ಬಾಡಿಗೆದಾರನಿಗಾಗಿ ಮಹಡಿ ಸಿದ್ಧ ಮಾಡುವುದು, ದಲ್ಲಾಳಿಯ ಕಮಿಷನ್ ಇವಕ್ಕೆ 6. ಕೊನೆಗೆ ಹಂಚಲು ಸಿಗುವುದು 45.

ಇಂಥ ಕಟ್ಟಡಗಳನ್ನು ಮಾರುಕಟ್ಟೆಯಲ್ಲಿ ಶೇಕಡಾ 8ರ ಗಳಿಕೆಯ ಲೆಕ್ಕದಲ್ಲಿ ಕೊಳ್ಳುತ್ತಾರೆ ಎಂದುಕೊಳ್ಳಿ. ಆಗ 80 ಗಳಿಸುವ ಕಟ್ಟಡಗಳ ಬೆಲೆ 1000. ಸಾಲ 400 ಕಳೆದರೆ ಯೂನಿಟ್‌ದಾರರ ಪಾಲು 600. ಒಟ್ಟು ಹತ್ತೇ ಯೂನಿಟ್ ಇದ್ದರೆ ಒಂದರ ಬೆಲೆ 60, ಅದಕ್ಕೆ ಸಿಗುವ ಹಣ 4.5. ಯೀಲ್ಡ್ 7.5. ನೀವು ಕೊಂಡಾಗ ಇದ್ದದ್ದೂ ಇದೇ ಅಲ್ವಾ?

ಈಗ 15 ಬಾಡಿಗೆ ಕೊಡುತ್ತಿದ್ದ ಒಬ್ಬ ಬಾಡಿಗೆದಾರ ಹೊರಟ. ಬಾಡಿಗೆ 85ಕ್ಕೆ ಇಳಿಯಿತು. ಖರ್ಚು ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಖಾಲಿ ಮಹಡಿಗೂ ಕಾವಲು ಬೇಕು, ತೆರಿಗೆ ಕಟ್ಟಬೇಕು. 20 ಇದ್ದದ್ದು 18 ಆಯಿತು ಅನ್ನಿ. ಗಳಿಕೆ 67. ಶುಲ್ಕ 5 ಹೋದರೆ 62. ಅದೇ ವರ್ಷ ಹಳೆಯ ಸಾಲದ ಅವಧಿ ಮುಗಿದು, ಹೊಸ ಸಾಲ ಶೇಕಡಾ 8ರ ಬಡ್ಡಿಗೆ ಸಿಕ್ಕಿತು. ಬಡ್ಡಿಗೆ 32. ಉಳಿದದ್ದು 30. ರಿಪೇರಿ, ಕಮಿಷನ್‌ಗೆ 6 ಕಳೆದರೆ 24.

ಇಲ್ಲಿ ಸ್ವಲ್ಪ ನಿಲ್ಲಿ. ಬಾಡಿಗೆ ಕಡಿಮೆಯಾದದ್ದು ಶೇಕಡಾ 15. ನಿಮ್ಮ ಕೈಗೆ ಬರುವುದು 45ರಿಂದ 24ಕ್ಕೆ, ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಸಾಲ ಇಲ್ಲದ ಸ್ವಂತ ಮನೆಯ ಬಾಡಿಗೆಯಲ್ಲಿ ಹೀಗಾಗುವುದಿಲ್ಲ. ರೀಟ್‌ನಲ್ಲಿ ಬಾಡಿಗೆಯಿಂದ ಮೊದಲು ಖರ್ಚು, ಆಮೇಲೆ ಬಡ್ಡಿ ತೆಗೆದು, ಕೊನೆಗೆ ಉಳಿದದ್ದು ನಿಮಗೆ. ಸಾಲಿನ ಕೊನೆಯಲ್ಲಿ ನಿಂತವರಿಗೆ ಪೆಟ್ಟು ಜಾಸ್ತಿ. ಖಾಲಿ ಮಹಡಿ ಮತ್ತೆ ತುಂಬಿದರೆ ಲಾಭವೂ ಹಾಗೇ ಜಾಸ್ತಿ, ಅದನ್ನೂ ಹೇಳಬೇಕು.

ಬೆಲೆ ಏನಾಯಿತು ನೋಡಿ. ಬಡ್ಡಿ ಏರಿದಾಗ ಕಟ್ಟಡ ಕೊಳ್ಳುವವರು ಜಾಸ್ತಿ ಗಳಿಕೆ ಕೇಳುತ್ತಾರೆ. 8ರ ಬದಲು 9 ಎಂದಾದರೆ, 67 ಗಳಿಸುವ ಕಟ್ಟಡಗಳ ಬೆಲೆ ಸುಮಾರು 744. ಸಾಲ ಅದೇ 400. ಯೂನಿಟ್‌ದಾರರ ಪಾಲು 344, ಒಂದು ಯೂನಿಟ್‌ಗೆ 34. ಹಂಚಿಕೆ ಇನ್ನೂ ಇಳಿದಿಲ್ಲವಾದ್ದರಿಂದ ಆ್ಯಪ್ ಹಳೆಯ 4.5ನ್ನು 34ರಿಂದ ಭಾಗಿಸಿ 13 ಎಂದು ತೋರಿಸುತ್ತದೆ. ಮುಂದಿನ ವರ್ಷ ಬರುವ 2.4ನ್ನು ಭಾಗಿಸಿದರೆ ಸಿಗುವುದು 7. ಅಂದರೆ ಮಾರುಕಟ್ಟೆ ಏನನ್ನೂ ಅಗ್ಗಕ್ಕೆ ಕೊಡುತ್ತಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಸಾಲದ ಅನುಪಾತದ್ದು. ಮೊದಲು 1000ಕ್ಕೆ 400, ಅಂದರೆ ಶೇಕಡಾ 40. ಈಗ 744ಕ್ಕೆ 400, ಹತ್ತಿರ 54. ಒಂದು ಹೊಸ ಸಾಲವನ್ನೂ ಮಾಡದೆ ಅನುಪಾತ ಏರಿಬಿಟ್ಟಿತು. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ಮಿತಿ ಇದೆ. ಭಾರತದಲ್ಲಿ ಆಸ್ತಿ ಮೌಲ್ಯದ ಶೇಕಡಾ 49, ಸಿಂಗಪುರದಲ್ಲಿ 50. ಅಮೆರಿಕದಲ್ಲಿ ಇಂಥ ಮಿತಿ ಇಲ್ಲ, ಆದರೆ ಸಾಲ ಕೊಟ್ಟವರ ಕರಾರಿನಲ್ಲಿ ಇರುತ್ತದೆ. ಮಿತಿ ಹತ್ತಿರ ಬಂದಾಗ ರೀಟ್‌ಗೆ ದಾರಿಗಳು ಕಡಿಮೆ. ಕಟ್ಟಡ ಮಾರಬೇಕು, ಇಲ್ಲವೇ ಬಿದ್ದ ಬೆಲೆಗೇ ಹೊಸ ಯೂನಿಟ್ ಕೊಟ್ಟು ಹಣ ಎತ್ತಬೇಕು. ಹೊಸ ಯೂನಿಟ್ ಬಂದರೆ ಅದೇ 24ನ್ನು ಹತ್ತರ ಬದಲು ಹದಿಮೂರೋ ಹದಿನಾಲ್ಕೋ ಪಾಲು ಮಾಡಬೇಕಾಗುತ್ತದೆ. ಬಡ್ಡಿ ಉಳಿದು ಸದ್ಯಕ್ಕೆ ಸರಿಹೋಗಬಹುದು, ಆದರೆ ಖಾಲಿ ಮಹಡಿ ಮತ್ತೆ ತುಂಬಿದಾಗ ಬರುವ ಲಾಭದಲ್ಲಿ ನಿಮ್ಮ ಪಾಲು ಮೊದಲಿಗಿಂತ ಚಿಕ್ಕದಾಗಿರುತ್ತದೆ.

ಸಾಮಾನ್ಯ ಕಂಪನಿಯೊಂದು ಒಳ್ಳೆಯ ವರ್ಷದ ಲಾಭವನ್ನು ಕೂಡಿಟ್ಟುಕೊಂಡು ಕೆಟ್ಟ ವರ್ಷ ತಳ್ಳುತ್ತದೆ. ರೀಟ್‌ಗೆ ಅದು ಕಷ್ಟ. 1960ರಲ್ಲಿ ಅಮೆರಿಕದ ಕಾನೂನು ರೀಟ್‌ಗಳನ್ನು ಹುಟ್ಟುಹಾಕಿದಾಗಿನಿಂದಲೂ ಒಪ್ಪಂದ ಇದೇ: ಬಂದದ್ದರಲ್ಲಿ ಹೆಚ್ಚಿನ ಪಾಲನ್ನು ಹಂಚಿಬಿಡಿ, ತೆರಿಗೆಯಲ್ಲಿ ರಿಯಾಯಿತಿ ಪಡೆಯಿರಿ. ಅಲ್ಲಿ ಈಗ ತೆರಿಗೆಗೆ ಬರುವ ಆದಾಯದ ಶೇಕಡಾ 90, ಭಾರತದಲ್ಲಿ ಹಂಚಲು ಸಿಗುವ ನಗದಿನ ಶೇಕಡಾ 90 ಹಂಚಲೇಬೇಕು. ನಿಮಗೆ ಹಣ ತಪ್ಪದೆ ಬರುವುದು ಈ ನಿಯಮದಿಂದ. ಕಷ್ಟಕಾಲಕ್ಕೆ ಗಂಟು ಇಲ್ಲದಿರುವುದೂ ಈ ನಿಯಮದಿಂದಲೇ. ಇನ್ನೊಂದು ವಿಷಯ, ಈ ನಿಯಮ ಪಾಲು ಎಷ್ಟು ಎಂದು ಹೇಳುತ್ತದೆಯೇ ಹೊರತು, ಮೊತ್ತ ಎಷ್ಟು ಎಂದು ಹೇಳುವುದಿಲ್ಲ.

ಈಗ ನಿಮ್ಮ ಅಣ್ಣನ ಮಾತು. ಹಂಚಿಕೆಯ ಜೊತೆ ಬರುವ ಚೀಟಿಯಲ್ಲಿ ಆ ಹಣವನ್ನು ಬಡ್ಡಿ, ಡಿವಿಡೆಂಡ್, ಸಾಲ ಮರುಪಾವತಿ ಅಥವಾ ಬಂಡವಾಳ ವಾಪಸಾತಿ ಎಂದು ಬಿಡಿಸಿರುತ್ತಾರೆ. ಅವರು ನೋಡಿದ್ದು ಈ ಕೊನೆಯ ಸಾಲನ್ನೇ ಇರಬೇಕು. ಆದರೆ ಆ ಹೆಸರು ಕಂಡ ಕೂಡಲೇ ‘ನನ್ನ ದುಡ್ಡೇ ವಾಪಸ್’ ಎಂದು ಹೇಳಲಾಗದು. ಎಷ್ಟೋ ಕಡೆ ಕಟ್ಟಡಗಳು ನೇರವಾಗಿ ಟ್ರಸ್ಟ್‌ನ ಹೆಸರಿನಲ್ಲಿ ಇರುವುದಿಲ್ಲ. ಟ್ರಸ್ಟ್‌ನ ಕೈಕೆಳಗಿನ ಕಂಪನಿಗಳ ಹೆಸರಿನಲ್ಲಿರುತ್ತವೆ. ಟ್ರಸ್ಟ್ ಆ ಕಂಪನಿಗಳಿಗೆ ಸಾಲ ಕೊಟ್ಟಿರುತ್ತದೆ. ಕಂಪನಿ ತನಗೆ ಬಂದ ಬಾಡಿಗೆಯಲ್ಲಿ ಒಂದಿಷ್ಟನ್ನು ಬಡ್ಡಿಯಾಗಿ, ಒಂದಿಷ್ಟನ್ನು ಅಸಲಾಗಿ ಮೇಲಕ್ಕೆ ಕಳಿಸುತ್ತದೆ. ಹೆಸರು ಅಸಲು, ಒಳಗಿರುವುದು ಬಾಡಿಗೆಯೇ. ತೆರಿಗೆಗೆ ಈ ಹೆಸರುಗಳು ಮುಖ್ಯ, ಆದ್ದರಿಂದ ಚೀಟಿಯನ್ನು ಎತ್ತಿಡಿ.

ನಿಜ ತಿಳಿಯಲು ಬೇರೆ ಪರೀಕ್ಷೆ ಇದೆ. ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪಟ್ಟಿ ತೆಗೆಯಿರಿ. ಬಾಡಿಗೆ ವ್ಯವಹಾರದಿಂದ ಬಂದ ನಗದು ಎಷ್ಟು ನೋಡಿ. ಅದರಿಂದ ಕಟ್ಟಿದ ಬಡ್ಡಿಯನ್ನೂ, ಇರುವ ಕಟ್ಟಡಗಳ ರಿಪೇರಿಗೆ ಹಾಕಿದ ಹಣವನ್ನೂ ಕಳೆಯಿರಿ. ಕೆಲವರು ಬಡ್ಡಿಯನ್ನು ಮೊದಲ ಸಾಲಿನಲ್ಲೇ ಕಳೆದಿರುತ್ತಾರೆ, ಎರಡು ಸಲ ಕಳೆಯಬೇಡಿ. ಉಳಿದದ್ದನ್ನು ಆ ವರ್ಷ ಹಂಚಿದ ಹಣದ ಪಕ್ಕದಲ್ಲಿ ಇಡಿ. ನಮ್ಮ ಲೆಕ್ಕದಲ್ಲಿ 24 ಮಾತ್ರ ಬಂದು 45 ಹಂಚಿದ್ದರೆ, ಉಳಿದ 21 ಸಾಲದಿಂದಲೋ ಕಟ್ಟಡ ಮಾರಿದ ಹಣದಿಂದಲೋ ಬಂದಿರಬೇಕು. ಆಗ ನಿಮ್ಮ ಅಣ್ಣ ಹೇಳಿದ್ದೇ ಸರಿ. ಒಂದು ವರ್ಷ ಸ್ವಲ್ಪ ಹೆಚ್ಚುಕಡಿಮೆಯಾದರೆ ಚಿಂತೆ ಬೇಡ, ಮೂರು ವರ್ಷ ಹೀಗೇ ಇದ್ದರೆ ಆ ರೀಟೇ ಬೇಡ. ಲಾಭದ ಸಾಲನ್ನು ಮಾತ್ರ ನೋಡಬೇಡಿ. ಅದರಲ್ಲಿ ಕಟ್ಟಡದ ಸವಕಳಿ, ಮೌಲ್ಯದ ಏರಿಳಿತ ಎಲ್ಲ ಸೇರಿ ಬಾಡಿಗೆಯ ಗುರುತೇ ಸಿಗುವುದಿಲ್ಲ.

ಹಾಗೆಂದು ಬೆಲೆ ಬಿದ್ದ ರೀಟ್ ಎಲ್ಲವೂ ಕೆಟ್ಟದ್ದಲ್ಲ. ಬಡ್ಡಿ ದರ ಏರಿದಾಗ ಒಳ್ಳೆಯ ರೀಟ್‌ಗಳ ಬೆಲೆಯೂ ಇಳಿಯುತ್ತದೆ, ಏಕೆಂದರೆ ಬ್ಯಾಂಕ್ ಠೇವಣಿಯಲ್ಲೇ ಜಾಸ್ತಿ ಸಿಗುವಾಗ ಜನ ಇತ್ತ ಬರುವುದಿಲ್ಲ. ಬಾಡಿಗೆ ಕರಾರುಗಳಿಗೆ ಇನ್ನೂ ಆರೇಳು ವರ್ಷ ಇದ್ದು, ಸಾಲದ ಬಡ್ಡಿಯೂ ಅಷ್ಟು ವರ್ಷಕ್ಕೆ ನಿಗದಿಯಾಗಿದ್ದರೆ, ಬರುವ ಹಣ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆಗ ಏರಿದ ಯೀಲ್ಡ್ ನಿಜವಾದದ್ದು.

ಇವೆರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ವರದಿಯ ಎರಡು ಪಟ್ಟಿ ಸಾಕು. ಒಂದು, ಯಾವ ವರ್ಷ ಎಷ್ಟು ಬಾಡಿಗೆ ಕರಾರು ಮುಗಿಯುತ್ತದೆ ಎಂಬುದು. ಇನ್ನೊಂದು, ಯಾವ ವರ್ಷ ಎಷ್ಟು ಸಾಲ ತೀರಿಸಬೇಕು ಅಥವಾ ಹೊಸದು ಮಾಡಬೇಕು ಎಂಬುದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ಮುಂದಿನ ಎರಡು ವರ್ಷದಲ್ಲಿ ಬಾಡಿಗೆಯ ದೊಡ್ಡ ಪಾಲೂ ಸಾಲದ ದೊಡ್ಡ ಪಾಲೂ ಒಟ್ಟಿಗೆ ಬಂದು ಬಿದ್ದಿದ್ದರೆ, ಮೇಲಿನ ಲೆಕ್ಕ ನಿಮ್ಮ ರೀಟ್‌ನದೇ ಎಂದುಕೊಳ್ಳಿ. ‘ಶೇಕಡಾ 95 ಭರ್ತಿ’ ಎಂಬ ದಪ್ಪ ಅಕ್ಷರದ ಸಾಲು ಇದನ್ನು ಹೇಳುವುದಿಲ್ಲ. ನೋಟಿಸ್ ಕೊಟ್ಟು ಇನ್ನೂ ಖಾಲಿ ಮಾಡದವನೂ, ಸಹಿ ಹಾಕಿ ಬಾಡಿಗೆ ಇನ್ನೂ ಶುರು ಮಾಡದವನೂ ಆ 95ರಲ್ಲಿ ಸೇರಿರಬಹುದು.

ಸ್ವಂತ ಮನೆಯಾಗಿದ್ದರೆ ಬಾಡಿಗೆದಾರ ಸಾಮಾನು ಕಟ್ಟುವುದು ನಿಮ್ಮ ಕಣ್ಣಿಗೇ ಬೀಳುತ್ತಿತ್ತು. ಇಲ್ಲಿ ಅದು ಆ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಎರಡೂ ಪಟ್ಟಿಗಳು ರೀಟ್‌ನ ವೆಬ್‌ಸೈಟ್‌ನಲ್ಲಿ, ಹೂಡಿಕೆದಾರರಿಗೆಂದು ಇಟ್ಟ ವರದಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ತೆಗೆದು ನೋಡಿ, ಸಂಖ್ಯೆಗಳನ್ನು ನನಗೂ ಬರೆದು ಕಳಿಸಿ. ನಿಮ್ಮ ರೀಟ್‌ನ ಮುಂದಿನ ವರ್ಷದ 4.5 ಎಷ್ಟಾಗಬಹುದು ಎಂದು ಒಟ್ಟಿಗೆ ಲೆಕ್ಕ ಹಾಕೋಣ.